ಅಪ್ಪನ ಬಾಯಿಗೆ ಬಾರದ ರೇಟು

ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಫೋನಿನ ಬೋರ್ಡಿನ ಮುಂದೆ ಕೂತು ಸಂಬಳ ತೆಗೆದುಕೊಂಡವಳು ನಾನು. ಹೊರಗಿನಿಂದ ಬಂದ ಫೋನು ಒಳಗೆ ಕೊಡುವುದು, ಒಳಗಿನವರು ಕೇಳಿದ ನಂಬರು ಹೊರಗೆ ಹಿಡಿದುಕೊಡುವುದು, ಲಾರಿಯ ನಂಬರು, ಗೇಟು ದಾಟಿದ ಸಮಯ, ಮಾಲಿನ ಬ್ಯಾಚು, ಬಿಲ್ಲಿನ ತಾರೀಖು, ಇವನ್ನೆಲ್ಲ ಕೇಳಿದವರಿಗೆ ಓದಿ ಹೇಳುವುದು. ದಿನವಿಡೀ ಅಂಕಿಯೇ. ನನ್ನ ನಾಲಿಗೆಗೆ ಅಂಕಿ ಒಂದು ಚೂರೂ ತಡೆಯುತ್ತಿರಲಿಲ್ಲ, ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ.

ಹುಟ್ಟಿನಿಂದ ಬಂದ ಗುಣವೇನಲ್ಲ ಅದು. ನಾನು ಓದಿದ್ದು ಕನ್ನಡ ಮೀಡಿಯಂ. ಕೆಲಸಕ್ಕೆ ಕೇಳಿಕೊಂಡು ಹೋದಾಗ ಮ್ಯಾನೇಜರು ಒಂದು ಹಾಳೆ ತುಂಬ ನಂಬರು ಕೊಟ್ಟು ಇಂಗ್ಲಿಷಿನಲ್ಲಿ ಓದಿ ಎಂದರು. ಪ್ರತಿ ಅಂಕಿಯನ್ನೂ ಒಳಗೊಳಗೇ ಕನ್ನಡದಲ್ಲಿ ಅಂದುಕೊಂಡು ಆಮೇಲೆ ಹೊರಗೆ ಇಂಗ್ಲಿಷಿಗೆ ತರುತ್ತಿದ್ದೆ. ಎಪ್ಪತ್ತೆಂಟು ಕಂಡರೆ ಒಂದು ಗುಟುಕು ಉಗುಳು ನುಂಗಿ ಸೆವೆಂಟಿ ಏಟ್. ಅವರು ಬೈಯಲಿಲ್ಲ, ಮುಂದಿನ ವಾರ ಬನ್ನಿ ಎಂದರು. ಆ ವಾರವೆಲ್ಲ ಬಸ್ಸಿನ ಕಿಟಕಿಯಲ್ಲಿ ಕೂತು ಎದುರಿಗೆ ಬಂದ ಗಾಡಿಗಳ ನಂಬರನ್ನೆಲ್ಲ ಬಾಯಿಬಿಟ್ಟು ಓದಿದೆ. ಪಕ್ಕದ ಹೆಂಗಸು ಮಗುವನ್ನು ಎತ್ತಿಕೊಂಡು ಬೇರೆ ಸೀಟಿಗೆ ಹೋದಳು. ಹೋಗಲಿ ಬಿಡಿ, ನನಗೆ ಕೆಲಸ ಸಿಕ್ಕಿತು.

ಕೂತ ಮೇಲೆ ಗೊತ್ತಾದದ್ದು ಇಷ್ಟು. ನಮ್ಮ ಜನಕ್ಕೆ ಒಂದೊಂದು ಅಂಕಿಗೆ ಒಂದೊಂದು ಭಾಷೆ. ಫೋನ್ ನಂಬರು ಇಂಗ್ಲಿಷಿನಲ್ಲೇ ಬರಬೇಕು. ಅದನ್ನು ಕನ್ನಡದಲ್ಲಿ ಹೇಳಹೊರಟವರು ಅರ್ಧಕ್ಕೇ ನಿಂತು ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಸೊಪ್ಪಿನ ರೇಟು ಕನ್ನಡದಲ್ಲೇ. ಸಮಯ ಆಫೀಸಿನಲ್ಲಿ ಟೆನ್ ತರ್ಟಿ, ಅದೇ ಮನುಷ್ಯ ಮನೆಗೆ ಫೋನು ಮಾಡಿದರೆ ಹತ್ತೂವರೆ. ರಾಮನಗರದ ರೇಷ್ಮೆ ಗೂಡಿನ ವ್ಯಾಪಾರದವರಾದರೆ ಉರ್ದು ಲೆಕ್ಕವೂ ಸೇರಿಕೊಳ್ಳುತ್ತದೆ. ಫೋನ್ ನಂಬರು ಹೇಳುವುದಕ್ಕೆ ಒಂದು ನಡಿಗೆಯೂ ಉಂಟು. ಎಲ್ಲಿ ಉಸಿರು ಬಿಡಬೇಕೋ ಅಲ್ಲೇ ಬಿಡಬೇಕು. ಮೊಬೈಲ್ ನಂಬರನ್ನು ಐದೈದಾಗಿ ಒಡೆದು ಅಭ್ಯಾಸವಾದವನಿಗೆ ಮೂರು, ಮೂರು, ನಾಲ್ಕಾಗಿ ಹೇಳಿನೋಡಿ, ತನ್ನದೇ ನಂಬರು ಅವನಿಗೆ ಗುರುತು ಸಿಗುವುದಿಲ್ಲ. ಯೋಚನೆ ಮಾಡಿದರೆ ಕೆಟ್ಟೆ. ಬಾಯಿ ಮುಂದೆ ಹೋಗಬೇಕು, ತಲೆ ಹಿಂದೆ ಬರಬೇಕು.

ಇಂಥ ಬಾಯಿಯ ಮಗಳನ್ನು ಹೆತ್ತ ನಮ್ಮಪ್ಪ ದನದ ದಲ್ಲಾಳಿ.

ನಮ್ಮ ಊರು ಕೋಡಿಹಳ್ಳಿ ಮಗ್ಗುಲಿನದು. ನಾನು ಕೆಲಸದ ದಿನಗಳಲ್ಲಿ ರಾಮನಗರದ ಚಿಕ್ಕಮ್ಮನ ಮನೆಯಲ್ಲಿದ್ದು ಭಾನುವಾರಕ್ಕೆ ಊರಿಗೆ ಬರುತ್ತಿದ್ದೆ. ಅಪ್ಪನಿಗೆ ಒಂದಿಷ್ಟು ರಾಗಿ ಹೊಲವಿತ್ತು, ಆದರೆ ಅವನ ಜೀವ ಇದ್ದದ್ದು ಕನಕಪುರದ ದನದ ಸಂತೆಯಲ್ಲಿ. ಹಳ್ಳಿಕಾರ್ ಎತ್ತುಗಳನ್ನು ದೂರದಿಂದ ಬರುವ ನಡಿಗೆಯಲ್ಲೇ ಅಳೆಯುತ್ತಿದ್ದ. ಮಾರುವವನ ಕಡೆಗೊಮ್ಮೆ, ಕೊಳ್ಳುವವನ ಕಡೆಗೊಮ್ಮೆ ಹೋಗಿ, ಹೆಗಲ ಮೇಲಿನ ಟವಲ್ ಬಿಡಿಸಿ, ಅದರ ಕೆಳಗೆ ಅವರ ಕೈಯನ್ನು ಹಿಡಿಯುತ್ತಿದ್ದ. ದನದ ವ್ಯಾಪಾರದಲ್ಲಿ ರೇಟನ್ನು ಬಾಯಲ್ಲಿ ಆಡುವುದಿಲ್ಲ. ಪಕ್ಕದಲ್ಲಿ ನಿಂತವನಿಗೆ ತಿಳಿದರೆ ವ್ಯಾಪಾರ ಕೆಡುತ್ತದೆ. ಮೂರು ಬೆರಳನ್ನು ಒಟ್ಟಿಗೆ ಬಿಗಿಯಾಗಿ ಹಿಡಿದರೆ ಅವು ಹತ್ತುಗಳು, ಮೂವತ್ತು. ಆಮೇಲೆ ಎರಡು ಬೆರಳನ್ನು ಹಗುರಾಗಿ ಹಿಡಿದರೆ ಅವು ಬಿಡಿ, ಎರಡು. ಬೆರಳಿನ ಗೆಣ್ಣನ್ನು ಒತ್ತಿದರೆ ಅರ್ಧ. ಸಾವಿರವೋ ನೂರೋ ಎಂಬುದು ಎತ್ತು ನೋಡಿದವರಿಗೆಲ್ಲ ಗೊತ್ತು. ಒಪ್ಪಿಗೆಯಾಗದಿದ್ದರೆ ಬೆರಳು ಸಡಿಲವಾಗುತ್ತದೆ, ಒಪ್ಪಿಗೆಯಾದರೆ ಇನ್ನೊಂದು ಒತ್ತು ಬೀಳುತ್ತದೆ. ಮೇಲೆ ನೋಡಿದರೆ ಇಬ್ಬರು ಗಂಡಸರು ಟವಲಿನೊಳಗೆ ಕೈ ಇಟ್ಟುಕೊಂಡು ಆಕಾಶ ನೋಡುತ್ತಾ ನಿಂತಿರುತ್ತಾರೆ, ಅಷ್ಟೆ.

ಅಪ್ಪ ಮಾತಿಲ್ಲದ ಮನುಷ್ಯನೇನಲ್ಲ. ಎತ್ತಿನ ಸುಳಿಯ ಬಗ್ಗೆ, ಗೊರಸಿನ ಬಗ್ಗೆ ಶುರು ಮಾಡಿದರೆ ಬಸ್ಸು ತಪ್ಪಿಸಿಬಿಡುತ್ತಿದ್ದ. ಆದರೆ ಅವನ ಬಾಯಲ್ಲಿ ಅಂಕಿ ಬಂದದ್ದನ್ನು ನಾನು ಕೇಳಿರಲೇ ಇಲ್ಲ. ಇದು ನನಗೆ ತಿಳಿದದ್ದು ಕೂಡ ಎಷ್ಟೋ ವರ್ಷಗಳ ಮೇಲೆ. ಯಾರಾದರೂ ಟೈಮೆಷ್ಟು ಎಂದರೆ ಮಣಿಕಟ್ಟನ್ನು ಅವರ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಬಸ್ಸಿನಲ್ಲಿ ಊರ ಹೆಸರು ಹೇಳಿ, ನಮ್ಮ ಕಡೆ ಕೈ ಬೀಸಿ, ಟಿಕೆಟ್ ಎಷ್ಟು ಎಂಬುದನ್ನು ಕಂಡಕ್ಟರೇ ಎಣಿಸಿಕೊಳ್ಳುವಂತೆ ಮಾಡುತ್ತಿದ್ದ. ಅಂಗಡಿಯಲ್ಲಿ ‘ಹೋದ್ಸಲದಷ್ಟೇ ಕೊಡಣ್ಣ’. ಎತ್ತಿಗೆ ಎಷ್ಟು ಹಲ್ಲು ಎಂದು ಕೇಳಿದರೆ ಅದರ ಬಾಯನ್ನೇ ಅಗಲಿಸಿ ತೋರಿಸುತ್ತಿದ್ದ. ಸ್ಕೂಲಿಗೆ ಸೇರಿಸುವಾಗ ನನ್ನ ಹುಟ್ಟಿದ ತಾರೀಖು ಹೇಳಿದ್ದು ಅವ್ವ, ಸೊಸೈಟಿಯಲ್ಲಿ ರೇಷನ್ ಕಾರ್ಡಿನ ನಂಬರು ಹೇಳುತ್ತಿದ್ದದ್ದು ಅವ್ವ. ಊರವರು ಇದನ್ನೆಲ್ಲ ದಲ್ಲಾಳಿಯ ಗತ್ತು ಎಂದುಕೊಂಡಿದ್ದರು. ‘ನಿಮ್ಮಪ್ಪ ಬಾಯಿ ಬುಟ್ಟು ಒಂದು ರೇಟು ಹೇಳಲಿ, ನಾನು ಮೀಸೆ ಬೋಳಿಸ್ತೀನಿ’ ಎಂದು ನನ್ನ ಸೋದರಮಾವ ಆಡಿಕೊಳ್ಳುತ್ತಿದ್ದ. ಅಪ್ಪ ನಗುತ್ತಿದ್ದ. ನಾನೂ ಅದನ್ನು ಹೆಮ್ಮೆಯ ವಿಷಯ ಎಂದೇ ತಿಳಿದಿದ್ದೆ.

ದೀಪಾವಳಿ ಬೋನಸ್ಸಿನಲ್ಲಿ ಅಪ್ಪನಿಗೊಂದು ಮೊಬೈಲು ಕೊಡಿಸಿದೆ. ಆಗ ಮೊಬೈಲು ಊರಿಗೆ ಹೊಸದು. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಎದ್ದು, ಹುಡುಗರೆಲ್ಲ ಯೂನಿಫಾರ್ಮ್ ಹಾಕಿಕೊಂಡು ಹೋಗತೊಡಗಿದ್ದರು. ಮನೆಗಳಲ್ಲಿ ಎತ್ತು ಹೂಡುವವರಿಲ್ಲ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರು. ಎತ್ತು ಬೇಕಾದವರು ಹೊಸೂರು ಕಡೆಯಿಂದ, ಅದರ ಆಚೆಯಿಂದ ಬರುತ್ತಿದ್ದರು. ಅವರೂ ಈಗ ಸುಮ್ಮನೆ ಬಂದು ಸಂತೆ ತಿರುಗುತ್ತಿರಲಿಲ್ಲ. ಮೊದಲು ಫೋನಿನಲ್ಲಿ ಎಂಥ ಜೋಡಿ, ಎಷ್ಟಕ್ಕೆ ಬರುತ್ತದೆ ಎಂದು ಕೇಳಿ, ಹೊಂದಿದರೆ ಲಾರಿ ಹತ್ತುತ್ತಿದ್ದರು. ಫೋನು ಬಂದರೆ ಅಪ್ಪನ ವ್ಯಾಪಾರ ಹೆಚ್ಚುತ್ತದೆ ಎಂದು ನನ್ನ ಲೆಕ್ಕ.

ಆದದ್ದು ತಿರುಗುಮುರುಗು. ಎಷ್ಟಕ್ಕೆ ಎಂದು ಕೇಳಿದವರಿಗೆಲ್ಲ ಅಪ್ಪ ‘ಬನ್ನಿ, ನೋಡಿ, ಕೈ ಹಿಡ್ಕೊಂಡು ಮಾತಾಡಾಣ’ ಎನ್ನುತ್ತಿದ್ದ. ಅವರು ಬರುತ್ತಿರಲಿಲ್ಲ. ಸಂತೆಗೆ ಹೊಸದಾಗಿ ಇಳಿದಿದ್ದ ಇನ್ನೊಬ್ಬ ದಲ್ಲಾಳಿ ಫೋನಿನಲ್ಲೇ ಪಟಪಟನೆ ರೇಟು ಹೇಳಿ ಮುಗಿಸುತ್ತಿದ್ದ. ಅಪ್ಪನ ಟವಲ್ ಬರೀ ಬೆವರು ಒರೆಸುವುದಕ್ಕೆ ಉಳಿಯಿತು. ಸಂತೆಯ ದಿನ ಹೋದಷ್ಟೇ ಬೇಗ ಬರುತ್ತಿದ್ದಾನೆ ಎಂದು ಅವ್ವ ನನಗೆ ಹೇಳಿದಳು. ಸಂಜೆಯ ಬಸ್ಸಿಗೆ ಬರುತ್ತಿದ್ದವನು ಮಧ್ಯಾಹ್ನದ ಊಟಕ್ಕೇ ಬಂದು ಜಗಲಿಯಲ್ಲಿ ಕೂತರೆ ಹೆಂಡತಿಗೆ ಎದೆ ಧಸಕ್ ಎನ್ನದೆ ಇರುತ್ತದೆಯೇ?

ಒಂದು ಭಾನುವಾರ ನಾನು ಮನೆಯಲ್ಲಿದ್ದಾಗಲೇ ಫೋನು ಬಂತು. ಕೇಳುತ್ತಿದ್ದವರು ಒಂದು ಜೋಡಿಯ ರೇಟು. ಅಪ್ಪ ಎಂದಿನಂತೆ ಬನ್ನಿ ನೋಡಿ ಎಂದ. ನಾನು ಪಕ್ಕದಲ್ಲೇ ನಿಂತು ಮೊಣಕೈಯಿಂದ ತಿವಿದೆ. ‘ಹೇಳಪ್ಪ, ಹೇಳಿದ್ರೆ ಏನು ಗಂಟು ಹೋಯ್ತದೆ?’ ಅಪ್ಪ ನನ್ನ ಮುಖ ನೋಡಿದ. ಬಾಯಿ ತೆರೆದ. ‘ಇಪ್…’ ಎಂದು ನಿಂತಿತು. ತುಟಿ ಎರಡೂ ಅಂಟಿಕೊಂಡು, ಕತ್ತಿನ ನರ ಉಬ್ಬಿ, ಕಣ್ಣು ಗಟ್ಟಿಯಾಗಿ ಮುಚ್ಚಿಹೋಯಿತು. ಅತ್ತ ಕಡೆಯವನು ಹಲೋ ಹಲೋ ಎನ್ನುತ್ತಿದ್ದ. ಅಪ್ಪ ಕೆಂಪು ಬಟನ್ ಒತ್ತಿ ಫೋನನ್ನು ಜಗಲಿಯ ಮೇಲೆ ಬೋರಲು ಇಟ್ಟ.

ನಾನು ನೆಟ್‌ವರ್ಕು ಸರಿಯಿಲ್ಲವೇನೋ ಎಂದೆ. ಒಳಗಿನಿಂದ ಅವ್ವ ಬಂದು ಹೊಸಿಲಲ್ಲಿ ನಿಂತಳು. ಅವಳ ಮುಖ ನೋಡಿದರೆ ಇದು ಅವಳಿಗೆ ಮದುವೆಯಾದ ದಿನದಿಂದ ಗೊತ್ತಿದ್ದ ಸಂಗತಿ.

ಅಪ್ಪನೇ ಹೇಳಿದ. ‘ಮಿಕ್ಕಿದ ಮಾತು ಎಂಗೋ ನಡೀತದೆ ಕಣವ್ವ. ಒಂದು ಮಾತು ಸಿಕ್ಕಾಕ್ಕೊಂಡ್ರೆ ಅದ್ರ ಬದ್ಲು ಇನ್ನೊಂದು ಆಡ್ತೀನಿ. ಲೆಕ್ಕಕ್ಕೆ ಬದ್ಲು ಎಲ್ಲಿಂದ ತರ್ಲಿ? ಎಷ್ಟೋ ಅಷ್ಟನ್ನೇ ಅನ್ಬೇಕು. ಕೈಗೆ ಬತ್ತದೆ, ಬಾಯಿಗೆ ಬರಾಕಿಲ್ಲ.’

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅಳು ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ನನ್ನ ಹಣೆಬರಹ. ಇಷ್ಟು ದಿನ ಹೇಳಲಿಲ್ಲವಲ್ಲ ಎಂದು ಅವ್ವನ ಮೇಲೆ ಕೂಗಾಡಿದೆ. ಅವಳು ‘ಹೇಳಿದ್ರೆ ನೀನು ಏನು ಮಾಡ್ತಿದ್ದೆ, ಹಿಂಗೆ ಕೂಗ್ತಿದ್ದೆ’ ಎಂದು ಒಳಗೆ ಹೋದಳು.

ಆಮೇಲೆ ನಾನು ಮೇಷ್ಟ್ರಾದೆ. ಇಂಗ್ಲಿಷಿನಲ್ಲಿ ಹೇಳು ಎಂದೆ. ಟ್ವೆಂಟಿ ಎನ್ನುವಾಗಲೂ ಟ ಕಾರದಲ್ಲೇ ಗಾಡಿ ಹೂತುಕೊಂಡಿತು. ಉಸಿರು ಎಳೆದುಕೊಂಡು ಹೇಳು ಎಂದೆ, ಉಸಿರು ಒಳಗೇ ಉಳಿಯಿತು. ನಾನೂ ಅವನೂ ಒಟ್ಟಿಗೆ ಹೇಳಿದರೆ ಮಾತ್ರ ಎಂಥ ಅಂಕಿಯೂ ನೀರು ಹರಿದಂತೆ ಬರುತ್ತಿತ್ತು. ನಾನು ನಿಲ್ಲಿಸಿದರೆ ಅವನೂ ನಿಲ್ಲುತ್ತಿದ್ದ. ಇನ್ನೊಂದು ವಿಚಿತ್ರವೂ ಗೊತ್ತಾಯಿತು. ಒಂದರಿಂದ ಸಾಲಾಗಿ ಎಣಿಸು ಎಂದರೆ ಅಪ್ಪ ಉಗ್ಗದೆ ಎಣಿಸಿಕೊಂಡು ಹೋಗುತ್ತಿದ್ದ. ರಾಗ ಹಿಡಿದು ಮಗ್ಗಿ ಹೇಳುವ ಮಕ್ಕಳ ಹಾಗೆ. ಬಿಡಿಯಾಗಿ ಒಂದೇ ಅಂಕಿ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿತ್ತು.

‘ಹಂಗಿದ್ರೆ ಎಣಿಸ್ಕೊಂಡೇ ಹೋಗು. ಮೆಲ್ಲಗೆ ಹಿಂದಿನದ್ರಿಂದ ಹಿಡ್ಕೊ, ನಿನ್ನ ಲೆಕ್ಕ ಬಂದಾಗ ನಿಲ್ಸು’ ಎಂದೆ. ಎಷ್ಟು ಬುದ್ಧಿವಂತಳು ನಾನು ಎಂದು ನನಗೇ ಅನಿಸಿತು.

ಭಾನುವಾರಗಳಲ್ಲಿ ಅದೂ ಬೇಕಾಗಲಿಲ್ಲ. ನಾನು ಫೋನು ಹಿಡಿದು ಅಪ್ಪನ ಪಕ್ಕ ಕೂರುತ್ತಿದ್ದೆ. ಅವನು ಟವಲ್ ಹಾಸಿ ಅದರ ಕೆಳಗೆ ನನ್ನ ಬೆರಳು ಹಿಡಿದು ಒತ್ತುತ್ತಿದ್ದ, ನಾನು ಬಾಯಿ ತೆರೆದು ಹೇಳುತ್ತಿದ್ದೆ. ಮನೆಯೊಳಗೆ ಯಾರಿಗೆ ಕಾಣಬಾರದು ಎಂದು ಟವಲ್ ಹಾಕುತ್ತೀಯ ಎಂದು ಕೇಳಿದರೆ, ಅದಿಲ್ಲದಿದ್ದರೆ ಕೈಗೂ ಲೆಕ್ಕ ಬರುವುದಿಲ್ಲ ಎಂದ. ಅವನ ಅಂಗೈ ಹಗ್ಗ ಹಿಡಿದು ಒರಟಾಗಿತ್ತು, ಒತ್ತು ಮಾತ್ರ ಬಲು ಮೆದು. ಎರಡು ಮೂರು ವ್ಯಾಪಾರ ಹಾಗೆ ಕುದುರಿದವು. ಅಪ್ಪ ಮತ್ತೆ ಸಂತೆಯಿಂದ ಸಂಜೆಯ ಬಸ್ಸಿಗೆ ಬರತೊಡಗಿದ.

ಆಗಲೇ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಆಚೆಗಿದ್ದ ದೊಡ್ಡಪ್ಪ ತನ್ನ ಜೋಡಿಯನ್ನು ಮಾರಲು ಅಪ್ಪನಿಗೆ ಒಪ್ಪಿಸಿದ. ಸ್ವಂತ ದೊಡ್ಡಪ್ಪನಲ್ಲ, ವರಸೆಯಲ್ಲಿ ಹಾಗೆ ಕರೆಯುತ್ತಿದ್ದೆವು. ಮಕ್ಕಳಿಬ್ಬರೂ ಕಾರ್ಖಾನೆಯ ಶಿಫ್ಟಿಗೆ ಹೋಗುತ್ತಿದ್ದರು. ಆ ಎತ್ತುಗಳನ್ನು ಕರುವಿನಿಂದ ಸಾಕಿದವನು ಅವನು, ಮೂಗುದಾರ ಹಾಕಿಸುವಾಗ ಕಣ್ಣೀರು ಹಾಕಿದವನು. ಅಪ್ಪನ ಕೈ ಹಿಡಿದು ‘ಮೂವತ್ತೆರಡಕ್ಕೆ ಒಂದು ರೂಪಾಯಿ ಕಮ್ಮಿ ಆದ್ರೂ ಹಗ್ಗ ಬುಡಾಕಿಲ್ಲ. ನೀನಿದ್ದೀಯ ಅಂತ ಒಪ್ಕೊಂಡಿದ್ದೀನಿ’ ಎಂದಿದ್ದ. ಮೂವತ್ತನಾಲ್ಕು ಸಾವಿರ ಹೇಳಿ ಮೂವತ್ತೆರಡಕ್ಕೆ ಇಳಿಯುವುದು ಅಪ್ಪನ ಅಂದಾಜು.

ಕೊಳ್ಳುವವನು ಹೊಸೂರು ಕಡೆಯ ಸಾಹುಕಾರ. ಅವನ ಫೋನು ಬಂದದ್ದು ಭಾನುವಾರವಲ್ಲ, ವಾರದ ನಡುವೆ. ನಾನು ಬಿಡದಿಯಲ್ಲಿ ನನ್ನ ಬೋರ್ಡಿನ ಮುಂದೆ. ಅಪ್ಪ ಹೊಲದಲ್ಲಿ ಒಬ್ಬನೇ. ಎಷ್ಟಕ್ಕೆ ಎಂದು ಅವನು ಕೇಳಿದ್ದಾನೆ. ನಾನು ಕಲಿಸಿದ್ದು ಅಪ್ಪನಿಗೆ ನೆನಪಾಗಿದೆ. ಮೂವತ್ತನಾಲ್ಕಕ್ಕೆ ಹೋಗಬೇಕಲ್ಲ, ಮನಸ್ಸಿನಲ್ಲೇ ಕೆಳಗಿನಿಂದ ಎಣಿಸಿಕೊಂಡು ಬಂದಿದ್ದಾನೆ, ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಅಷ್ಟರಲ್ಲಿ ಬಾಯಿ ತೆರೆದುಕೊಂಡಿದೆ. ‘ಮೂವತ್ತು, ಮೂವತ್ತೊಂದು…’

ಅತ್ತ ಕಡೆಯವನು ಅಲ್ಲೇ ಹಿಡಿದ. ‘ಮೂವತ್ತು ಅಂದ್ಬಿಟ್ಟು ಮತ್ತೆ ಏರಿಸ್ತೀರಲ್ಲಣ್ಣ, ಬೇಡ, ಮೂವತ್ತಕ್ಕೇ ಇರಲಿ. ಸಂತೆಗೆ ಲಾರಿ ತರ್ತೀನಿ.’ ಎಂದವನೇ ಫೋನು ಇಟ್ಟ.

ಸಂತೆಯಲ್ಲಿ ಬಾಯಿಂದ ರೇಟು ಬರುವುದೇ ಅಪರೂಪ. ಬಂದರೆ ಅದು ಕಡೆಯ ಮಾತು, ಹಿಂದಕ್ಕೆ ತಗೊಳ್ಳುವ ಹಾಗಿಲ್ಲ. ಮೇಲಕ್ಕೆ ಎಣಿಸಿಕೊಂಡು ಹೋಗುವವನು ಕೊಟ್ಟ ಮಾತಿಗೆ ತಪ್ಪಿ ಏರಿಸುವವನ ಹಾಗೆ ಕೇಳಿಸುತ್ತಾನೆ. ಕೆಳಕ್ಕೆ ಎಣಿಸಿದ್ದರೆ ತಾನಾಗಿ ಇಳಿಸುವವನ ಹಾಗೆ ಕೇಳಿಸುತ್ತಿದ್ದ. ಅಂಕಿಯನ್ನು ಹತ್ತಿಕೊಂಡು ಹೋಗಲು ಮೆಟ್ಟಿಲು ಕಟ್ಟಿಕೊಟ್ಟವಳು ನಾನು. ಆ ಮೆಟ್ಟಿಲುಗಳೆಲ್ಲವೂ ಸಂತೆಯಲ್ಲಿ ರೇಟುಗಳೇ ಎಂಬುದು ಫೋನಿನ ಬೋರ್ಡಿನ ಮುಂದೆ ಕೂರುವವಳಿಗೆ ಹೊಳೆಯುವ ಮಾತೇ?

ಆ ಭಾನುವಾರ ಹೋದಾಗ ಅಪ್ಪ ಉಂಡಿರಲಿಲ್ಲ. ವಿಷಯ ಕೇಳಿ ನಾನೇ ಸಾಹುಕಾರನಿಗೆ ಫೋನು ಹಚ್ಚಿದೆ. ‘ನಮ್ಮಪ್ಪ ಹೇಳಬೇಕಂತಿದ್ದದ್ದು ಮೂವತ್ತನಾಲ್ಕು’ ಎಂದು ಒಂದೇ ಉಸಿರಿಗೆ ಹೇಳಿದೆ. ಅವನು ಜಗಳಗಂಟನೇನಲ್ಲ. ‘ನೋಡಮ್ಮ, ದಲ್ಲಾಳಿ ಬಾಯಿಂದ್ಲೇ ಬಂದ ಮಾತು. ನೀವು ಬದಲಾಯಿಸಿದ್ರೆ ಆಗುತ್ತಾ? ಏನಿದ್ರೂ ಸಂತೇಲಿ ಅವರೇ ಹೇಳಲಿ’ ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ದೊಡ್ಡಪ್ಪನಿಗೆ ಏನು ಹೇಳುವುದು? ಮೂವತ್ತಕ್ಕೆ ಅವನು ಕೊಡುವುದಿಲ್ಲ. ಕೊಡದಿದ್ದರೆ ಹೊಸೂರಿನವನು ಲಾರಿ ಖಾಲಿ ತಿರುಗಿಸಿಕೊಂಡು ಹೋಗಿ, ಇವನ ಮಾತಿಗೆ ಬೆಲೆ ಇಲ್ಲ ಎಂದು ಆ ಸೀಮೆಗೆಲ್ಲ ಹೇಳುತ್ತಾನೆ. ದಲ್ಲಾಳಿಗೆ ಮಾತೊಂದೇ ಬಂಡವಾಳ. ಕಡಿಮೆ ಬಿದ್ದದ್ದನ್ನು ಕೈಯಿಂದ ಹಾಕಿಬಿಡೋಣ, ನನ್ನ ಸಂಬಳ ಇದೆ ಎಂದೆ. ಅಪ್ಪ ತಲೆಯಾಡಿಸಿದ. ‘ಒಂದ್ಸಲ ಹಾಕ್ಬೋದು. ಮುಂದ್ಕೆ? ಫೋನು ಬಂದಾಗೆಲ್ಲ ನೀನು ಬತ್ತೀಯಾ?’

ಸಂತೆಯ ದಿನ ರಜೆ ಹಾಕಿ ಅಪ್ಪನ ಜೊತೆ ಹೋದೆ. ದನದ ಸಂತೆಗೆ ಹೆಂಗಸರು ಬರುವುದು ಕಡಿಮೆ. ಸಗಣಿ, ಬೀಡಿ ಹೊಗೆ, ಟೀ ಗಾಡಿ, ಗೂಟಕ್ಕೆ ಕಟ್ಟಿದ ಜೋಡಿಗಳ ಸಾಲು. ಕೊಂಬಿಗೆ ಎಣ್ಣೆ ಸವರಿ ದೊಡ್ಡಪ್ಪ ತನ್ನ ಎತ್ತುಗಳ ನಡುವೆ ನಿಂತಿದ್ದ, ಎರಡು ಕಡೆಯ ಹಗ್ಗವೂ ಒಂದೇ ಕೈಯಲ್ಲಿ. ಅವನಿಗೆ ಫೋನಿನ ಕತೆ ಗೊತ್ತಿರಲಿಲ್ಲ. ನನ್ನನ್ನು ಕಂಡು ‘ಏನವ್ವ, ಕಂಪ್ನಿ ಬುಟ್ಟು ದನ ಕಾಯಾಕೆ ಬಂದ್ಯಾ’ ಎಂದು ನಕ್ಕ.

ಸಾಹುಕಾರ ಬಂದ. ಬಿಳಿ ಅಂಗಿ, ಜೇಬಿನಲ್ಲಿ ಮೊಬೈಲು. ಎತ್ತುಗಳನ್ನು ನಡೆಸಿ ನೋಡಿದ, ಬಾಯಿ ಬಿಡಿಸಿ ಹಲ್ಲು ನೋಡಿದ, ಬೆನ್ನು ತಟ್ಟಿದ. ಮೆಚ್ಚಿದ್ದು ಮುಖದಲ್ಲೇ ಕಾಣುತ್ತಿತ್ತು. ಅಪ್ಪ ಹೆಗಲಿನ ಟವಲ್ ಬಿಡಿಸಿ ಅದರ ಕೆಳಗೆ ಕೈ ಚಾಚಿದ.

ಸಾಹುಕಾರ ಕೈ ಕೊಡಲಿಲ್ಲ. ‘ಇನ್ನು ಟವಲ್ಲು ಯಾಕಣ್ಣ? ಫೋನಲ್ಲೇ ಮುಗೀತಲ್ಲ, ಮೂವತ್ತು’ ಎಂದ, ಜೋರಾಗಿಯೇ.

ದೊಡ್ಡಪ್ಪನ ನಗೆ ನಿಂತಿತು. ಅಪ್ಪನ ಕೈ ಟವಲಿನ ಕೆಳಗೆ ಚಾಚಿದಂತೆಯೇ ಇತ್ತು. ಸುತ್ತ ನಾಲ್ಕಾರು ಜನ, ಆ ಹೊಸ ದಲ್ಲಾಳಿಯೂ ಅವರಲ್ಲೊಬ್ಬ. ನನಗೆ ತಡೆಯಲಾಗಲಿಲ್ಲ. ಅಂಕಿ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ.

ಅಪ್ಪ ನನ್ನ ಮಣಿಕಟ್ಟು ಹಿಡಿದ. ಆ ಹಿಡಿತದಲ್ಲಿ ಹತ್ತೂ ಇರಲಿಲ್ಲ, ಬಿಡಿಯೂ ಇರಲಿಲ್ಲ. ಸುಮ್ಮನಿರು ಎಂದಷ್ಟೇ ಇತ್ತು.

ಟವಲನ್ನು ಹೆಗಲಿಗೆ ಹಾಕಿಕೊಂಡು ಅವನು ಶುರು ಮಾಡಿದ. ‘ಮ್… ಮ್… ಮೂ…’ ಎಣಿಸಿಕೊಂಡು ಬರಲಿಲ್ಲ, ನೇರವಾಗಿ ಹೊರಟ. ತುಟಿ ಅಂಟಿತು. ಕತ್ತಿನ ನರ ಉಬ್ಬಿತು. ಯಾರೋ ಕಿಸಕ್ಕೆಂದರು. ಇನ್ಯಾರೋ ‘ಯಾಕ್ಲಾ, ಏನಾಯ್ತು ಅಣ್ಣಂಗೆ’ ಎಂದರು. ಎಷ್ಟು ಹೊತ್ತಾಯಿತೋ ತಿಳಿಯದು, ನನ್ನ ಪಾಲಿಗೆ ಇಡೀ ಸಂತೆ ಮುಗಿದು ಗೂಟ ಕೀಳುವಷ್ಟು ಹೊತ್ತು. ಅಪ್ಪ ಕಣ್ಣು ಮುಚ್ಚಲಿಲ್ಲ. ಸಾಹುಕಾರನ ಮುಖವನ್ನೇ ನೋಡುತ್ತಾ ನಿಂತಿದ್ದ. ‘ಮೂ… ಮೂವತ್… ತ್… ತನಾಲ್ಕು.’

ಬಂತು. ಬಂದ ಮೇಲೆ ಇನ್ನೂ ಒಂದು ಮಾತು ಸೇರಿಸಿದ. ‘ಅವತ್ತು ಫೋನಲ್ಲಿ ನಾನು ಎಣಿಸ್ಕೊಂಡು ಬತ್ತಿದ್ದೆ ಸ್ವಾಮಿ. ಎಣಿಸ್ದೆ ಇದ್ರೆ ನಂಗೆ ಲೆಕ್ಕ ಬಾಯಿಗೆ ಬರಾಕಿಲ್ಲ. ನೀವು ದಾರಿ ಮಧ್ಯ ಹಿಡ್ಕೊಂಬುಟ್ರಿ.’

ಸಾಹುಕಾರ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ಸುಳ್ಳಿಗಾಗಿ ಯಾರೂ ಅಷ್ಟು ಕಷ್ಟಪಡುವುದಿಲ್ಲ ಎಂದು ಅವನಿಗೆ ಅನಿಸಿರಬೇಕು. ಆದರೂ ವ್ಯಾಪಾರದವನು ವ್ಯಾಪಾರದವನೇ. ಸ್ವಲ್ಪ ಹೊತ್ತು ಎತ್ತಿನ ಕತ್ತಿನಡಿ ಜೋಲುವ ಗಂಗೆದೊಗಲು ಸವರಿ, ‘ಸೆರಿ, ಅದು ಬಿಡಿ. ಹೊಸದಾಗಿ ಮಾತಾಡೋಣ. ಮೂವತ್ತೊಂದು’ ಎಂದ.

ಕೈಯನ್ನು ಅವನೀಗ ತಾನಾಗಿಯೇ ಮುಂದೆ ಚಾಚಿದ್ದ. ಟವಲ್ ಹಾಕಿಕೊಳ್ಳಬಹುದಿತ್ತು. ಅಪ್ಪ ಆ ಕೈಯನ್ನು ನೋಡಿದ, ಹಿಡಿಯಲಿಲ್ಲ. ಮತ್ತೆ ‘ಮ್… ಮ್…’ ಎಂದು ಶುರು ಮಾಡಿದ. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ. ಮೂವತ್ತಮೂರೂವರೆ ಬಂತು. ಸಾಹುಕಾರ ಮೂವತ್ತೊಂದೂವರೆ ಎಂದ. ಅಪ್ಪ ಮತ್ತೆ ಹೊರಟ. ಒಂದೊಂದು ಮಾತಿಗೂ ಸಾಹುಕಾರ ಕಾದ, ಮಧ್ಯದಲ್ಲಿ ಹಿಡಿಯಲಿಲ್ಲ. ಕಿಸಕ್ಕೆಂದವರು ಬೇಸರ ಹತ್ತಿ ಟೀ ಗಾಡಿಯ ಕಡೆ ಹೋದರು. ಆ ಸಂತೆಯಲ್ಲಿ ಅಷ್ಟು ನಿಧಾನದ ವ್ಯಾಪಾರ ಯಾವತ್ತೂ ಆಗಿರಲಿಕ್ಕಿಲ್ಲ, ಅಷ್ಟು ಬಹಿರಂಗದ್ದೂ ಆಗಿರಲಿಕ್ಕಿಲ್ಲ. ಕಡೆಗೊಂದು ಸಲ ಇಬ್ಬರೂ ಒಂದೇ ಅಂಕಿಗೆ ಬಂದು ನಿಂತರು. ದೊಡ್ಡಪ್ಪ ಹಗ್ಗ ಬಿಟ್ಟ. ಬಿಡುವ ಮೊದಲು ಎತ್ತುಗಳ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಅಪ್ಪನ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ಲಾರಿ ಹೋಗುವ ತನಕ ನಿಂತಿದ್ದ.

ಬಸ್ಸಿನಲ್ಲಿ ಅಪ್ಪ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ. ಅವನ ಅಂಗಿ ಬೆನ್ನಿನ ತುಂಬ ತೊಯ್ದಿತ್ತು. ನನಗೆ ಹೆಮ್ಮೆ ಆಯಿತೋ ಸಂಕಟ ಆಯಿತೋ ಬಿಡಿಸಿ ಹೇಳಲಾರೆ, ಎರಡೂ ಇತ್ತು. ಒಂದು ಮಾತ್ರ ಗೊತ್ತಾಗಿತ್ತು. ನಾನು ದಿನಕ್ಕೆ ಸಾವಿರ ಅಂಕಿ ಹೇಳುತ್ತಿದ್ದೆ, ಅವುಗಳಲ್ಲಿ ಒಂದಕ್ಕೂ ಹೀಗೆ ಬೆವರು ಸುರಿಸಿದವಳಲ್ಲ.

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ತಿರುಗದೆಯೇ ‘ಎಷ್ಟಕ್ಕಾಯ್ತು?’ ಎಂದಳು. ಕೇಳಿದ್ದು ನನ್ನನ್ನೇ, ಲೆಕ್ಕದ ಮಾತನ್ನು ಅವಳು ಅಪ್ಪನನ್ನು ಕೇಳಿದ್ದೇ ಇಲ್ಲ. ನಾನು ಬಾಯಿ ಬಿಡಲಿಲ್ಲ. ನೀರಿನ ಚೊಂಬು ಹಿಡಿದು ಹೊಸಿಲ ಹತ್ತಿರ ಕೂತಿದ್ದ ಅಪ್ಪ ‘ಮ್…’ ಎಂದ.

ಅವ್ವ ಗಕ್ಕನೆ ತಿರುಗಿದಳು. ಅವಳ ತುಟಿಗಳೂ ಅವನ ಜೊತೆಯಲ್ಲೇ ಅಲುಗಿದವು. ಮದುವೆಯಾದಾಗಿನಿಂದ ಅವನ ಬಾಯಲ್ಲಿ ಸಿಕ್ಕಿಕೊಂಡ ಎಲ್ಲ ಅಂಕಿಗಳನ್ನೂ, ಕಾರ್ಡಿನ ನಂಬರು, ನನ್ನ ಹುಟ್ಟಿದ ತಾರೀಖು, ಬಸ್ಸಿನ ಹೊತ್ತು, ಎಲ್ಲವನ್ನೂ ಅವನಿಗಿಂತ ಮೊದಲು ಹೇಳಿ ಮುಗಿಸಿ ಅವನ ಮಾನ ಕಾಯ್ದವಳು ಅವಳು. ಈ ಒಂದು ಅಂಕಿ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಹೇಳಿ ಮುಗಿಸುವ ಹಾಗಿರಲಿಲ್ಲ. ಮುದ್ದೆ ಕೋಲು ಹಿಡಿದುಕೊಂಡು ಅವಳು ಕಾಯಬೇಕಾಯಿತು. ಮುದ್ದೆ ತಳ ಹತ್ತುವ ವಾಸನೆ ಬಂತು, ಅವಳು ಅಲುಗಲಿಲ್ಲ.

‘ಮೂ… ಮೂವತ್… ತೆರಡೂವರೆ’ ಎಂದ ಅಪ್ಪ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆ ಎಂದು ಯಾರಿಗೂ ನೆಪ ಹೇಳಲಿಲ್ಲ.

‘ಇನ್ನೊಂದ್ಸಲ ಹೇಳಿ’ ಎಂದಳು.